ಹಬ್ಬದ ಸೀರೆಗೆ ಯಾವ ಕಥೆ: ನೇಯ್ದವರದ್ದೋ, ಬಣ್ಣದ್ದೋ, ಹಬ್ಬದ್ದೋ?

ಗೌರಿ ಹಬ್ಬ ಹತ್ತಿರ ಬಂತು ಅನ್ನುವಾಗ ಶಿವಮೊಗ್ಗ, ಸಾಗರ ಕಡೆಯ ಕೈಮಗ್ಗದ ಅಂಗಡಿಗಳಲ್ಲಿ ಬಟ್ಟೆ ಮಡಚುವುದರ ಜೊತೆಗೆ ಇನ್ನೊಂದು ಕೆಲಸ ಸೇರಿಕೊಳ್ಳುತ್ತದೆ. ಸೀರೆಗೆ ಕಟ್ಟುವ ಚೀಟಿಗೆ, ವಾಟ್ಸಾಪ್‌ನಲ್ಲಿ ಕಳಿಸುವ ಫೋಟೊದ ಕೆಳಗೆ, ಮೇಳದ ಮಳಿಗೆಯ ಬೋರ್ಡಿಗೆ ನಾಲ್ಕು ಸಾಲು ಬರೆಯಬೇಕು. ಯಾರು ಮಾಡಿದ್ದು, ಹೇಗೆ ಮಾಡಿದ್ದು ಅಂತ ಕೊಳ್ಳುವವರು ಕೇಳುತ್ತಾರೆ. ಅದನ್ನು ಹೇಳಲೇಬೇಕು. ಹೇಗೆ ಹೇಳುವುದು ಅನ್ನುವಲ್ಲಿ ದಾರಿಗಳು ಬೇರೆಯಾಗುತ್ತವೆ.

ನಾನು ನೋಡಿದ ಮಟ್ಟಿಗೆ ಮಾರಾಟಗಾರರು ಹಿಡಿಯುವ ದಾರಿ ಮೂರು. ನೇಯ್ದವರ ಬದುಕಿನ ಕಥೆ ಹೇಳುವುದು ಒಂದು. ಬಣ್ಣ, ನೂಲು, ಮಗ್ಗ ಅಂತ ಕೆಲಸದ ಕಥೆ ಹೇಳುವುದು ಇನ್ನೊಂದು. ಹಬ್ಬ ಮತ್ತು ಪರಂಪರೆಯ ಕಥೆ ಹೇಳುವುದು ಮೂರನೆಯದು. ಮೂರನ್ನೂ ಒಂದೇ ವಸ್ತುವಿಗೆ ಹಾಕಿ ನೋಡೋಣ. ವಸ್ತು ಇದು: ಸಾಗರ ತಾಲ್ಲೂಕಿನ ಒಂದು ಸಣ್ಣ ಘಟಕದಲ್ಲಿ ತಯಾರಾದ ಹತ್ತಿ ಸೀರೆ. ಮೈಗೆ ಅಡಿಕೆ ಚೊಗರಿನ ಕಂದುಗೆಂಪು ಬಣ್ಣ, ಅಂಚಿಗೆ ಕಪ್ಪು, ಜೊತೆಗೆ ರವಿಕೆ ಕಣ. ಈ ಸೀರೆಗೆ ಕೆಲಸದ ಕಥೆಯೇ ಸರಿ ಅಂತ ನನ್ನ ಅಭಿಪ್ರಾಯ. ಉಳಿದ ಎರಡೂ ಕೆಲಸಕ್ಕೆ ಬಾರದವು ಅಂತಲ್ಲ. ಅವು ಬೇರೆ ವಸ್ತುಗಳಿಗೆ ಚೆನ್ನಾಗಿ ಕೂರುತ್ತವೆ.

ನೇಯ್ದವರ ಕಥೆ

ಇದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಮಗ್ಗದ ಮುಂದೆ ಕೂತ ಹೆಂಗಸಿನ ಫೋಟೊ, ಹೆಸರು, ಊರು, ಎಷ್ಟು ವರ್ಷದಿಂದ ನೇಯುತ್ತಿದ್ದಾರೆ ಅನ್ನುವುದು. ಕೊಳ್ಳುವವರಿಗೆ ತಕ್ಷಣ ಹತ್ತಿರವಾಗುತ್ತದೆ. ತೊಂದರೆ ಇರುವುದು ಆ ಒಂದು ಹೆಸರಿನಲ್ಲೇ.

ನಮ್ಮ ಸೀರೆ ಎಷ್ಟು ಕೈ ದಾಟಿ ಬಂದಿದೆ ನೋಡಿ. ನೂಲಿನ ಲಡಿಗೆ ಬಣ್ಣ ಹಾಕಿದವರು ಇಬ್ಬರು. ಲಡಿ ಬಿಚ್ಚಿ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕೂರುವ, ನೂಲು ಸುತ್ತಿದವರು ಒಬ್ಬರು. ಹಾಸು ಹೂಡಿ, ಹಳೇ ಹಾಸಿನ ಒಂದೊಂದು ಎಳೆಗೂ ಹೊಸ ಎಳೆಯನ್ನು ಹೊಸೆದು ಸೇರಿಸಿದವರು ಇನ್ನಿಬ್ಬರು. ಲಾಳಿಗೆ ಹಾಕುವ ಕಂಡಿಕೆ ಸುತ್ತಿದವರು ಮತ್ತೊಬ್ಬರು. ಆಮೇಲೆ ನೇಯ್ದವರು. ಕೊನೆಗೆ ಸೆರಗಿಗೆ ಗೊಂಡೆ ಕಟ್ಟಿದವರು. ‘ಇವರು ಒಬ್ಬರೇ ಕೂತು ತಯಾರಿಸಿದ ಸೀರೆ’ ಅಂತ ಬರೆದರೆ ಏಳು ಜನರ ಕೆಲಸ ಅಳಿಸಿಹೋಗುತ್ತದೆ. ಆ ಘಟಕದಲ್ಲಿ ಅದನ್ನು ಮೊದಲು ಗಮನಿಸುವವರೂ ಅವರೇ. ಬಣ್ಣದ ಮನೆಯಲ್ಲಿ ದಿನವಿಡೀ ಹಬೆಯ ಮುಂದೆ ನಿಂತವರ ಹೆಸರು ಯಾವ ಚೀಟಿಯಲ್ಲೂ ಇರುವುದಿಲ್ಲ, ಅಲ್ವಾ?

ಇನ್ನೊಂದು ತೊಡಕು ಫೋಟೊದ್ದು. ಘಟಕದಲ್ಲಿ ಆರು ಮಗ್ಗ ಇದ್ದು, ಚೆನ್ನಾಗಿ ಬಂದ ಫೋಟೊ ಒಂದೇ ಇದ್ದರೆ ಅದೇ ಎಲ್ಲ ಸೀರೆಗೂ ಹೋಗುತ್ತದೆ. ಆಗ ಆರರಲ್ಲಿ ಐದು ಚೀಟಿ ಸುಳ್ಳು. ಯಾವ ಸೀರೆ ಯಾವ ಮಗ್ಗದಿಂದ ಇಳಿಯಿತು ಅನ್ನುವ ಲೆಕ್ಕ ಘಟಕದ ಪುಸ್ತಕದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೇಯ್ದಷ್ಟಕ್ಕೆ ಕೂಲಿ ಲೆಕ್ಕ ಹಾಕುವ ಕಡೆಯಲ್ಲಂತೂ ಅದು ಇಲ್ಲದೆ ನಡೆಯುವುದಿಲ್ಲ. ಆ ನಂಬರನ್ನು ಸೀರೆಯ ಚೀಟಿಗೂ ತಂದರೆ ಹೆಸರು ಹಾಕಬಹುದು. ತರಲು ಆಗದಿದ್ದರೆ ಹೆಸರು ಬೇಡ. ‘ನಮ್ಮ ಘಟಕದ ನೇಕಾರರಲ್ಲಿ ಒಬ್ಬರು’ ಅಂತ ಫೋಟೊದ ಕೆಳಗೆ ಬರೆದರೆ ಸಾಕು.

ಈ ದಾರಿಯಲ್ಲಿ ನನಗೆ ತುಂಬ ಬೇಸರ ತರಿಸುವುದು ಕರುಣೆ ಹುಟ್ಟಿಸುವ ಸಾಲುಗಳು. ‘ನೀವು ಕೊಳ್ಳುವ ಒಂದು ಸೀರೆ ಇವರ ಮನೆಯಲ್ಲಿ ಹಬ್ಬದ ದೀಪ ಹಚ್ಚುತ್ತದೆ’ ಅನ್ನುವ ಸಾಲು ಎಲ್ಲೆಲ್ಲೂ ಕಾಣುತ್ತದೆ. ನಿಜಕ್ಕೂ ಆಗುವುದು ಬೇರೆ. ಮಗ್ಗದಿಂದ ಸೀರೆ ಇಳಿದು ಅಳತೆ, ತಪಾಸಣೆ ಮುಗಿದಾಗ ನೇಕಾರರ ಕೂಲಿ ಲೆಕ್ಕಕ್ಕೆ ಬರುತ್ತದೆ. ಗೌರಿ ಹಬ್ಬಕ್ಕೆ ಮಾರುವ ಸೀರೆ ಎಷ್ಟೋ ಮೊದಲೇ ಇಳಿದಿರುತ್ತದೆ. ಅದರ ಕೂಲಿ ಆಗಲೇ ಕೊಟ್ಟಾಗಿರುತ್ತದೆ, ಅಥವಾ ಕೊಟ್ಟಿರಬೇಕು. ಇವತ್ತು ಒಂದು ಸೀರೆ ಹೋದರೆ ಆಗುವ ಉಪಕಾರ ಏನೆಂದರೆ ಘಟಕಕ್ಕೆ ನೂಲು ಕೊಳ್ಳುವ ದುಡ್ಡು ವಾಪಸ್ ಬರುತ್ತದೆ, ಮಗ್ಗಕ್ಕೆ ಮುಂದಿನ ಹಾಸು ಏರುತ್ತದೆ. ಬರೆಯುವುದಾದರೆ ಇದನ್ನೇ ಬರೆಯಿರಿ: ‘ಈ ಹಬ್ಬದ ಮಾರಾಟದಿಂದ ದೀಪಾವಳಿಯ ನಂತರ ಏರುವ ಹಾಸಿನ ನೂಲು ಕೊಳ್ಳುತ್ತೇವೆ.’ ಓದುವವರಿಗೆ ಇದು ಅರ್ಥವಾಗುತ್ತದೆ. ನೇಯ್ದವರೂ ತಲೆ ತಗ್ಗಿಸಬೇಕಾಗಿಲ್ಲ.

ಒಪ್ಪಿಗೆ ಕೇಳುವುದಕ್ಕೂ ಒಂದು ರೀತಿ ಇದೆ. ‘ಅಕ್ಕಾ, ಒಂದು ಫೋಟೊ ತೆಗೀಲಾ?’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಆ ಫೋಟೊ ಎಲ್ಲಿ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ‘ಈ ಫೋಟೊ ಸೀರೆಯ ಚೀಟಿ ಮೇಲೆ ಬರುತ್ತೆ, ಫೋನಿನಲ್ಲಿ ನೂರಾರು ಜನ ನೋಡ್ತಾರೆ, ಊರಿನ ಹೆಸರೂ ಇರುತ್ತೆ. ಹಾಕ್ಲಾ, ಬೇಡ್ವಾ?’ ಅಂತ ಪೂರ್ತಿ ಕೇಳಬೇಕು. ಬರೆದ ಸಾಲನ್ನು ಅವರಿಗೆ ಓದಿ ಹೇಳಬೇಕು. ಗಂಡನ ಕುಡಿತ, ಮನೆಯ ಸಾಲ ಇಂಥವನ್ನು ಮಾತಿನ ಮಧ್ಯೆ ಹೇಳಿಕೊಂಡಿದ್ದರೆ ಅದು ಚೀಟಿಗೆ ಬರಲೇಬಾರದು. ಅವರೇ ಒಪ್ಪಿದರೂ ಬೇಡ ಅನ್ನುತ್ತೇನೆ. ನೆಂಟರು ಓದುತ್ತಾರೆ, ಮಕ್ಕಳ ಶಾಲೆಯಲ್ಲಿ ಓದುತ್ತಾರೆ.

ಹಾಗಾದರೆ ನೇಯ್ದವರ ಕಥೆ ಯಾವಾಗ ಸರಿ? ಒಬ್ಬರ ಕೈಯಲ್ಲೇ ಬಹುಪಾಲು ಕೆಲಸ ಮುಗಿಯುವ ವಸ್ತುವಿಗೆ. ಸಾಗರ, ಸೊರಬದ ಗುಡಿಗಾರರು ಕೆತ್ತುವ ಪುಟ್ಟ ಗಣಪತಿಯನ್ನು ತೆಗೆದುಕೊಳ್ಳಿ. ಮರದ ತುಂಡಿಗೆ ಗುರುತು ಹಾಕುವುದರಿಂದ ಹಿಡಿದು ಕೊನೆಯ ಉಳಿಯ ಗೆರೆಯವರೆಗೆ ಒಬ್ಬರದ್ದೇ ಕೈ ಇದ್ದರೆ ಹೆಸರು ಹಾಕಿ. ಯಾವ ಮರ ಅನ್ನುವುದನ್ನೂ ಹಾಕಿ. ಗಂಧ ಅಲ್ಲದಿದ್ದರೆ ಗಂಧದ ಹೆಸರು ಎತ್ತಬೇಡಿ, ‘ಗಂಧದ ಕೆತ್ತನೆ ಮನೆತನದವರು ಮಾಡಿದ್ದು’ ಅಂತ ಸುತ್ತುಬಳಸಿಯೂ ತರಬೇಡಿ. ಓದುವವರ ಕಣ್ಣು ಗಂಧ ಅನ್ನುವ ಪದದ ಮೇಲೇ ನಿಲ್ಲುತ್ತದೆ.

ಕೆಲಸದ ಕಥೆ

ಈಗ ಅದೇ ಸೀರೆಯ ಬಣ್ಣಕ್ಕೆ ಬನ್ನಿ. ಹೇಳುವುದಕ್ಕೆ ನಿಜವಾಗಿ ಏನಾದರೂ ಇರುವುದು ಇಲ್ಲೇ. ಮಲೆನಾಡಿನಲ್ಲೇ ಹುಟ್ಟಿದ ಸಂಗತಿ ಈ ಸೀರೆಯಲ್ಲಿ ಒಂದಿದ್ದರೆ ಅದು ಚೊಗರು.

ನಮ್ಮ ಕಡೆ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಅದೇ ನೀರಿಗೆ ಒಂದಾದ ಮೇಲೊಂದು ಒಬ್ಬೆ ಅಡಿಕೆ ಬೀಳುತ್ತಾ ಹೋದಂತೆ ನೀರು ಕಡುಗೆಂಪಾಗಿ ಮಂದವಾಗುತ್ತದೆ. ಅದೇ ಚೊಗರು. ಮಲೆನಾಡಿನವರಿಗೆ ಇದು ಗೊತ್ತಿದ್ದದ್ದೇ. ಬೆಂಗಳೂರಿನಲ್ಲಿ ಕೂತು ಸೀರೆ ಕೊಳ್ಳುವವರಿಗೆ ಎರಡು ಸಾಲಿನಲ್ಲಿ ಹೇಳಬೇಕು. ಹೆಗ್ಗೋಡಿನ ‘ಚರಕ’ ಮಹಿಳಾ ಸಹಕಾರ ಸಂಘದಂಥ ಕಡೆ ಈ ಚೊಗರನ್ನು ನೂಲಿನ ಬಣ್ಣಕ್ಕೆ ಬಳಸುತ್ತಾ ಬಂದಿದ್ದಾರೆ.

ಬಣ್ಣದ ಮನೆಯಲ್ಲಿ ಆಗುವುದು ಇಷ್ಟು. ನೂಲು ಲಡಿಯಾಗಿ ಬರುತ್ತದೆ. ಗಿರಣಿಯ ನೂಲಿನ ಮೇಲೆ ಮೇಣದಂಥ ಜಿಡ್ಡಿರುತ್ತದೆ. ಅದು ಹೋಗುವಂತೆ ಸೋಪು, ಸೋಡಾ ಹಾಕಿ ಕುದಿಸಿ ತೊಳೆಯುತ್ತಾರೆ. ಇದು ಸರಿಯಾಗದಿದ್ದರೆ ಲಡಿಯ ಒಳಗೆ ಬಣ್ಣ ಇಳಿಯುವುದಿಲ್ಲ, ನೇಯ್ದ ಮೇಲೆ ಸೀರೆಯಲ್ಲಿ ಬಿಳಿಚಿದ ಪಟ್ಟೆ ಕಾಣುತ್ತದೆ. ಆಮೇಲೆ ಪಟಕದ ನೀರು. ಬಣ್ಣ ನೂಲಿಗೆ ಕಚ್ಚಿಕೊಳ್ಳುವುದಕ್ಕೆ ಅದು ಬೇಕು. ಸಾಮಾನ್ಯವಾಗಿ ನೂಲಿನ ತೂಕದ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಪಟಕ ಹಿಡಿಯುತ್ತದೆ. ಆಮೇಲೆ ಚೊಗರಿನ ಬಿಸಿ ನೀರು. ಲಡಿಗಳನ್ನು ಕೋಲಿಗೆ ನೇತುಹಾಕಿ ಅದ್ದುತ್ತಾರೆ. ಅದ್ದಿ ಸುಮ್ನೆ ಬಿಡುವುದಿಲ್ಲ, ಕೋಲಿನ ಮೇಲಿರುವ ಭಾಗ ಕೆಳಗೆ ಬರುವಂತೆ ಲಡಿಯನ್ನು ತಿರುಗಿಸುತ್ತಲೇ ಇರುತ್ತಾರೆ. ತಿರುಗಿಸುವ ಕೈ ನಿಂತರೆ ಕೋಲು ತಾಗಿದ ಕಡೆ ಬಣ್ಣ ತೆಳುವಾಗುತ್ತದೆ. ಹಿಂಡಿ, ನೆರಳಲ್ಲಿ ಒಣಹಾಕುತ್ತಾರೆ. ಅಂಚಿನ ಕಪ್ಪು ಬೇಕಾದರೆ ಚೊಗರು ಹಿಡಿದ ನೂಲನ್ನು ಕಬ್ಬಿಣದ ನೀರಿಗೆ ಹಾಕುತ್ತಾರೆ. ಗುಜರಿ ಕಬ್ಬಿಣ, ಬೆಲ್ಲ, ನೀರು ಸೇರಿಸಿ ವಾರಗಟ್ಟಲೆ ಕೊಳೆಸಿದ ನೀರು ಅದು. ಚೊಗರಿನಲ್ಲಿರುವ ಒಗರಿನ ಅಂಶಕ್ಕೆ ಕಬ್ಬಿಣ ಸೇರಿದರೆ ಬಣ್ಣ ಕಪ್ಪಿನ ಕಡೆ ತಿರುಗುತ್ತದೆ.

ಕೆಲಸದ ಕಥೆ ಬರೆಯುವವರು ಜಾಸ್ತಿ ಎಡವುವುದು ನಾಲ್ಕು ಕಡೆ.

ಒಂದು, ‘ರಾಸಾಯನಿಕ ಇಲ್ಲದ ಸೀರೆ’ ಅನ್ನುವ ಮಾತು. ಪಟಕ, ಸೋಡಾ, ಕಬ್ಬಿಣದ ನೀರು ಇವೆಲ್ಲ ರಾಸಾಯನಿಕಗಳೇ. ‘ಮೈ ಬಣ್ಣ ಅಡಿಕೆ ಚೊಗರಿನದು, ಬಣ್ಣ ಹಿಡಿಯಲು ಪಟಕ ಬಳಸಿದ್ದೇವೆ’ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಂಚಿನ ಕಪ್ಪನ್ನು ಕೆಲವು ಘಟಕಗಳು ಅಂಗಡಿಯ ಬಣ್ಣದಲ್ಲೇ ಮಾಡುತ್ತವೆ, ಕಪ್ಪು ಒಂದೇ ಸಮ ಬರಲಿ ಅಂತ. ಅದರಲ್ಲಿ ನಾಚಿಕೆಯ ವಿಷಯ ಏನೂ ಇಲ್ಲ. ‘ಪೂರ್ತಿ ಸಹಜ ಬಣ್ಣ’ ಅಂತ ಬರೆಯುವ ಮುನ್ನ ಅಂಚಿನ ನೂಲು ಎಲ್ಲಿಂದ ಬಂತು ಅಂತ ಕೇಳಿ, ಅಷ್ಟೇ.

ಎರಡು, ‘ಬಿಸಾಡುವ ನೀರಿನಿಂದ ಬಂದ ಬಣ್ಣ’ ಅನ್ನುವುದು. ಇದು ಪೇಟೆಯ ಕಿವಿಗೆ ಇಷ್ಟವಾಗುವ ಮಾತು, ಮಲೆನಾಡಿನ ತೋಟದವರು ಒಪ್ಪದ ಮಾತು. ಚೊಗರನ್ನು ತೋಟದ ಮನೆಯವರು ಇಟ್ಟುಕೊಳ್ಳುತ್ತಾರೆ. ಬೇಯಿಸಿದ ಅಡಿಕೆಗೇ ಅದರಿಂದ ಕೆಂಪು ಕಟ್ಟುತ್ತಾರೆ, ಮಾರುವುದೂ ಉಂಟು. ನಿಮ್ಮ ಘಟಕ ದುಡ್ಡು ಕೊಟ್ಟು ತಂದಿದ್ದರೆ ‘ಸಾಗರದ ತೋಟಗಳಿಂದ ಕೊಂಡ ಚೊಗರು’ ಅಂತ ಬರೆಯಿರಿ. ಸುಳ್ಳಿಗಿಂತ ಇದೇ ಚೆನ್ನಾಗಿದೆ, ಊರಿನ ಹೆಸರೂ ಬಂತು.

ಮೂರು, ‘ಈ ಹಂಗಾಮಿನ ತಾಜಾ ಚೊಗರು’ ಅನ್ನುವುದು. ಗೌರಿ-ಗಣೇಶ ಬರುವುದು ಭಾದ್ರಪದದಲ್ಲಿ, ಮಳೆ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಅಡಿಕೆ ಕೊಯ್ಲು ಜೋರಾಗುವುದು ದಸರೆ, ದೀಪಾವಳಿ ಹೊತ್ತಿಗೆ. ಹಾಗಾಗಿ ಗೌರಿ ಹಬ್ಬದ ಸೀರೆಯಲ್ಲಿ ಇರುವುದು ಕಳೆದ ಹಂಗಾಮಿನಲ್ಲಿ ತುಂಬಿಟ್ಟ ಚೊಗರು. ಮೇಲಾಗಿ ಆಷಾಢ, ಶ್ರಾವಣದ ಮಳೆಯಲ್ಲಿ ಲಡಿ ಒಣಗುವುದೇ ಕಷ್ಟ. ಎಷ್ಟೋ ಕಡೆ ಹಬ್ಬದ ಸೀರೆಯ ನೂಲಿಗೆ ಬೇಸಿಗೆಯಲ್ಲೇ ಬಣ್ಣ ಹಾಕಿಟ್ಟಿರುತ್ತಾರೆ. ಇದನ್ನೇ ಕಥೆಗೆ ತನ್ನಿ. ‘ಬೇಸಿಗೆಯಲ್ಲಿ ಬಣ್ಣ ಹಾಕಿದ ನೂಲು, ಮಳೆಗಾಲದಲ್ಲಿ ನೇಯ್ಗೆ’ ಅನ್ನುವ ಸಾಲಿನಲ್ಲಿ ಮಲೆನಾಡಿನ ವರ್ಷವೇ ಇದೆ. ಇಂಥ ಸಾಲನ್ನು ಕೂತಲ್ಲೇ ಹುಟ್ಟಿಸಲು ಆಗುವುದಿಲ್ಲ. ಬಣ್ಣದ ಮನೆಗೆ ಹೋಗಿ ಯಾವಾಗ ಹಾಕಿದ್ದು ಅಂತ ಕೇಳಿದವರಿಗೆ ಮಾತ್ರ ಸಿಗುತ್ತದೆ.

ನಾಲ್ಕು, ದಿನಗಳ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ‘ಹತ್ತು ದಿನದ ಶ್ರಮದ ಸೀರೆ’ ಅಂತ ಚೀಟಿ ಇದೆ ಅಂದುಕೊಳ್ಳಿ. ಲೆಕ್ಕ ಎಲ್ಲಿಂದ ಬಂತು ಅಂತ ಕೇಳಿದರೆ ಘಟಕದವರು ಹೇಳುವುದು ಹೀಗೆ: ಬಣ್ಣಕ್ಕೆ ಐದು ದಿನ, ಹಾಸು ಹೂಡಿ ಮಗ್ಗಕ್ಕೆ ಏರಿಸಲು ಮೂರು ದಿನ, ನೇಯಲು ಎರಡು ದಿನ. ಕೂಡಿದರೆ ಹತ್ತು. ಯಾರೂ ಸುಳ್ಳು ಹೇಳಿಲ್ಲ. ಆದರೆ ಹಾಸಿನ ಉದ್ದ 60 ಮೀಟರ್. ಸೀರೆ ಐದೂವರೆ ಮೀಟರ್, ರವಿಕೆ ಕಣ ಸೇರಿ ಸುಮಾರು 6.3 ಮೀಟರ್. ಅಂದರೆ ಒಂದು ಹಾಸಿನಲ್ಲಿ ಒಂಬತ್ತು ಸೀರೆ ಇಳಿಯುತ್ತವೆ, ಉಳಿದ ಮೂರು ಮೀಟರ್ ಚಿಲ್ಲರೆ ಹಾಸಿನ ತುದಿಗಳಲ್ಲಿ ಹೋಗುತ್ತದೆ. ಬಣ್ಣದ ಐದು ದಿನ, ಹಾಸಿನ ಮೂರು ದಿನ ಈ ಒಂಬತ್ತು ಸೀರೆಗೂ ಸೇರಿದ್ದು. ಒಂದು ಸೀರೆಯ ಪಾಲಿಗೆ ಬರುವುದು ಒಂದು ದಿನಕ್ಕಿಂತ ಸ್ವಲ್ಪ ಕಡಿಮೆ. ನೇಯ್ಗೆಯ ಎರಡು ದಿನ ಸೇರಿಸಿದರೆ ಹತ್ತಿರ ಹತ್ತಿರ ಮೂರು ದಿನ.

ಹತ್ತರ ಜಾಗಕ್ಕೆ ಮೂರು ಬಂದರೆ ಸೀರೆಯ ಬೆಲೆ ಬಿದ್ದುಹೋಗುತ್ತದೆ ಅಂತ ಮಾರಾಟಗಾರರು ಹೆದರುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತು ದಿನ ಅಂತ ನಂಬಿದ ಗಿರಾಕಿ ಬೆಲೆಯನ್ನು ಹತ್ತರಿಂದ ಭಾಗಿಸಿ ನೋಡುತ್ತಾರೆ. ಆಗ ನೇಕಾರರಿಗೆ ದಿನಕ್ಕೆ ಏನೂ ಸಿಗುವುದಿಲ್ಲ ಅಂತ ಕಾಣುತ್ತದೆ, ಘಟಕದ ಮೇಲೇ ಅನುಮಾನ ಬರುತ್ತದೆ. ಸರಿಯಾದ ಸಾಲು ಹೀಗಿರಲಿ: ‘ಒಂದು ಹಾಸಿನಲ್ಲಿ ಒಂಬತ್ತು ಸೀರೆ. ಬಣ್ಣಕ್ಕೆ ಮತ್ತು ಹಾಸು ಹೂಡಲು ಎಂಟು ದಿನ, ಆಮೇಲೆ ಒಂದೊಂದು ಸೀರೆ ನೇಯಲು ಎರಡೆರಡು ದಿನ.’ ಇಲ್ಲಿ ಎಲ್ಲ ಅಂಕಿಯೂ ನಿಜ. ಮಗ್ಗ ಹೇಗೆ ನಡೆಯುತ್ತದೆ ಅನ್ನುವುದೂ ಗಿರಾಕಿಗೆ ಗೊತ್ತಾಯಿತು. ನಿಮ್ಮ ಘಟಕದ ಅಂಕಿ ಬೇರೆ ಇರುತ್ತದೆ. ಅಂಚಿನಲ್ಲಿ ಬುಟ್ಟಾ ಇದ್ದರೆ, ಸೆರಗಿನಲ್ಲಿ ಕೈಯಿಂದ ಎತ್ತಿ ನೇಯುವ ವಿನ್ಯಾಸ ಇದ್ದರೆ ನೇಯ್ಗೆಯ ದಿನ ಏರುತ್ತದೆ. ಕೇಳಿ ಬರೆಯಿರಿ.

ನೂಲಿನ ಬಗ್ಗೆಯೂ ಒಂದು ಮಾತು. ಕೈಮಗ್ಗದ ಸೀರೆಯ ನೂಲು ಬಹುಪಾಲು ಗಿರಣಿಯದ್ದೇ. ನೂಲೂ ಕೈಯಲ್ಲೇ ನೂತದ್ದು, ನೇಯ್ದದ್ದೂ ಕೈಯಲ್ಲೇ ಆಗಿದ್ದರೆ ಅದು ಖಾದಿ. ಖಾದಿ ಅನ್ನುವ ಹೆಸರಿನಲ್ಲಿ ಮಾರುವುದಕ್ಕೆ ಖಾದಿ ಮಾರ್ಕ್ ಬೇಕು. ‘ಕೈಯಲ್ಲಿ ನೂತು ನೇಯ್ದ’ ಅನ್ನುವ ಜೋಡಿ ಪದ ಲಯಕ್ಕೆ ಚೆನ್ನಾಗಿದೆ ಅಂತ ಹಾಗೇ ನುಸುಳಿಬಿಡುತ್ತದೆ. ಕೈಮಗ್ಗದ ಚೀಟಿಯಲ್ಲಿ ‘ನೂತು’ ಅನ್ನುವುದನ್ನು ತೆಗೆದುಹಾಕಿ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ನಿಮ್ಮ ಘಟಕಕ್ಕೆ ಇದ್ದರೆ ಅದರ ಲೇಬಲ್ ಸೀರೆಯ ಮೇಲೆ ಇರಲಿ. ಕೈಮಗ್ಗದ್ದು ಅನ್ನುವುದಕ್ಕೆ ಅದು ಆಧಾರ. ಎಳೆ ತಪ್ಪಿದ್ದು, ಗಂಟು ಉಳಿದದ್ದು ತೋರಿಸಿ ‘ಇದೇ ಕೈಮಗ್ಗದ ಗುರುತು’ ಅನ್ನುವುದು ಬೇಡ. ಪವರ್‌ಲೂಮ್‌ನಲ್ಲೂ ಎಳೆ ತಪ್ಪುತ್ತದೆ. ದೋಷ ಕಣ್ಣಿಗೆ ಬೀಳುವಷ್ಟಿದ್ದರೆ ಬೆಲೆ ಇಳಿಸಿ, ಯಾಕೆ ಇಳಿಸಿದ್ದು ಅಂತ ಹೇಳಿ.

ಹಬ್ಬದ ಮತ್ತು ಪರಂಪರೆಯ ಕಥೆ

‘ಸಹ್ಯಾದ್ರಿಯ ಮಡಿಲಲ್ಲಿ ಶತಮಾನಗಳಿಂದ ಹರಿದು ಬಂದ ನೇಯ್ಗೆ, ಈ ಗೌರಿ ಹಬ್ಬಕ್ಕೆ ನಿಮ್ಮ ಮನೆಗೆ’ ಅನ್ನುವ ಧಾಟಿ ಇದು. ಬರೆಯುವುದು ಸುಲಭ, ಅದಕ್ಕೇ ಎಲ್ಲರೂ ಬರೆಯುತ್ತಾರೆ. ನಮ್ಮ ಸೀರೆಗೆ ಇದು ಒಪ್ಪುವುದಿಲ್ಲ. ಇಳಕಲ್, ಗುಳೇದಗುಡ್ಡ, ಮೊಳಕಾಲ್ಮೂರು ಇವು ತಲೆತಲಾಂತರದಿಂದ ನೇಯ್ಗೆಯಲ್ಲೇ ಬದುಕಿದ ಊರುಗಳು. ಹೆಗ್ಗೋಡಿನ ಚರಕ ಶುರುವಾದದ್ದು 1990ರ ದಶಕದಲ್ಲಿ. ನೇಯ್ಗೆಯ ಮನೆತನದಿಂದ ಬರದ ಹೆಂಗಸರು ಮಗ್ಗ ಕಲಿತು ಮೂರು ದಶಕ ನಡೆಸಿಕೊಂಡು ಬಂದಿದ್ದಾರೆ. ಅದು ಸಣ್ಣ ಮಾತಲ್ಲ. ಅದನ್ನು ಮುಚ್ಚಿ ಶತಮಾನ ಅಂತ ಹೇಳಿದರೆ ಅವರು ಹೊಸದಾಗಿ ಕಲಿತದ್ದನ್ನೇ ಕಸಿದುಕೊಂಡಂತಾಗುತ್ತದೆ.

ಅಂಚಿನ ಹೆಸರಿನಲ್ಲೂ ಹುಷಾರು. ಸಾಗರದಲ್ಲಿ ನೇಯ್ದ ಸೀರೆಗೆ ಇಳಕಲ್ ಮಾದರಿಯ ಸೆರಗು ಇದ್ದರೂ ಅದನ್ನು ಇಳಕಲ್ ಸೀರೆ ಅಂತ ಮಾರುವ ಹಾಗಿಲ್ಲ. ಇಳಕಲ್ ಸೀರೆಗೆ ಜಿಐ, ಅಂದರೆ ಭೌಗೋಳಿಕ ಸೂಚಿಯ, ಗುರುತು ಇದೆ, ಆ ಹೆಸರು ಆ ಊರಿನ ನೇಕಾರರದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಸ್ತುವನ್ನು ಸುಳ್ಳಾಗಿ ಬಣ್ಣಿಸುವುದು ದಾರಿ ತಪ್ಪಿಸುವ ಜಾಹೀರಾತಿನ ಲೆಕ್ಕಕ್ಕೆ ಬರುತ್ತದೆ ಅನ್ನುವುದೂ ನೆನಪಿರಲಿ.

ಆದರೆ ಹಬ್ಬದ ಕಥೆ ಬಿಟ್ಟರೆ ಬೇರೆ ಕಥೆಯೇ ಇಲ್ಲದ ವಸ್ತುಗಳೂ ನಮ್ಮಲ್ಲಿವೆ. ಭೂಮಣ್ಣಿ ಬುಟ್ಟಿ ಅಂಥದ್ದು. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬ್ರಷ್ಷು ಪುಂಡಿ ನಾರಿನದು. ಆಶ್ವಯುಜದ ಹುಣ್ಣಿಮೆ, ಅಂದರೆ ಭೂಮಿ ಹುಣ್ಣಿಮೆಯ ದಿನ, ತೆನೆ ಕಟ್ಟುತ್ತಿರುವ ಗದ್ದೆಗೆ ಬಯಕೆಯ ಊಟ ಹೋಗುವುದು ಇದೇ ಬುಟ್ಟಿಯಲ್ಲಿ. ಭೂಮಿ ಬಸುರಿ, ಅವಳಿಗೆ ಬಡಿಸಬೇಕು ಅನ್ನುವ ನಂಬಿಕೆ. ಈ ಬುಟ್ಟಿಯಲ್ಲಿ ಹಬ್ಬ ಬೇರೆ, ವಸ್ತು ಬೇರೆ ಅಂತ ಇಲ್ಲ. ಗೌರಿ ಹಬ್ಬದ ಬಾಗಿನಕ್ಕೆ ಕೊಡುವ ಬಿದಿರಿನ ಮೊರವೂ ಹೀಗೇ. ಇವಕ್ಕೆ ಹಬ್ಬದ ಕಥೆ ಹೇಳಿ, ಧಾರಾಳವಾಗಿ ಹೇಳಿ.

ಅಲ್ಲೂ ಒಂದು ಗೆರೆ ಇದೆ. ಗದ್ದೆಗೆ ಹೋಗುವ ಬುಟ್ಟಿ ಬೇರೆ, ಮಾರಾಟಕ್ಕೆ ಮಾಡಿದ ಬುಟ್ಟಿ ಬೇರೆ. ಮಾರುವ ಬುಟ್ಟಿ, ತಟ್ಟೆ, ಗೋಡೆಗೆ ಹಾಕುವ ಚೌಕಟ್ಟು ಇವುಗಳಿಗೆ ಬಣ್ಣ ಉದುರಬಾರದು ಅಂತ ಆಕ್ರಿಲಿಕ್ ಬಳಿಯುವುದುಂಟು. ಆಗ ಕೆಮ್ಮಣ್ಣು, ಅಕ್ಕಿ ಹಿಟ್ಟಿನ ವರ್ಣನೆಯನ್ನು ಆ ಚೀಟಿಗೆ ಹಾಕಬಾರದು. ‘ಭೂಮಣ್ಣಿ ಬುಟ್ಟಿಯ ಚಿತ್ತಾರ, ಅಲಂಕಾರಕ್ಕಾಗಿ ಆಕ್ರಿಲಿಕ್ ಬಣ್ಣದಲ್ಲಿ ಬರೆದದ್ದು’ ಅಂದರೆ ಸರಿ. ಚಿತ್ತಾರ ದೀವರ ಹೆಂಗಸರದ್ದು ಅನ್ನುವುದನ್ನು ಮಾತ್ರ ಬಿಡಬೇಡಿ. ಬರೆದವರು ಆ ಸಮುದಾಯದವರಲ್ಲ, ತರಬೇತಿಯಲ್ಲಿ ಕಲಿತವರು ಅಂತಾದರೆ ಅದನ್ನೂ ಹೇಳಿ. ಮಣ್ಣಿನ ಬಣ್ಣದ್ದೇ ಆಗಿದ್ದರೆ ನೀರು ತಾಗಿದರೆ ಚಿತ್ತಾರ ಅಳಿಸುತ್ತದೆ ಅಂತ ಬರೆಯದೆ ಕಳಿಸಬೇಡಿ.

ಆಯ್ಕೆ ಮಾಡುವಾಗ

ಮೂರರಲ್ಲಿ ಯಾವುದು ಅಂತ ತೀರ್ಮಾನ ಆಗದಿದ್ದರೆ ವಸ್ತುವನ್ನು ಕೈಯಲ್ಲಿ ಹಿಡಿದು ಕೇಳಿಕೊಳ್ಳಿ: ಇದನ್ನು ಮಾಡಿದ ಒಬ್ಬರನ್ನು ಬೆರಳು ಮಾಡಿ ತೋರಿಸಬಹುದಾ? ತೋರಿಸಬಹುದಾದರೆ, ಅವರು ಒಪ್ಪಿದರೆ, ಅವರ ಕಥೆ. ಹಬ್ಬದ ದಿನ ಈ ವಸ್ತು ಇಲ್ಲದಿದ್ದರೆ ಯಾವುದಾದರೂ ಆಚರಣೆ ನಿಲ್ಲುತ್ತದಾ? ನಿಲ್ಲುವುದಾದರೆ ಹಬ್ಬದ ಕಥೆ. ಎರಡಕ್ಕೂ ಇಲ್ಲ ಅಂತ ಉತ್ತರ ಬಂದರೆ, ಸೀರೆ, ಟವೆಲ್, ದುಪ್ಪಟ್ಟಾ, ಕುರ್ತಾ ಬಟ್ಟೆಗೆಲ್ಲ ಹಾಗೇ ಬರುತ್ತದೆ, ಕೆಲಸದ ಕಥೆ. ಅದರಲ್ಲೂ ಎಲ್ಲ ಹಂತ ಹೇಳಲು ಹೋಗಬೇಡಿ. ಲಡಿ, ಗಂಜಿ, ಹಾಸು, ಹೊಕ್ಕು, ಲಾಳಿ ಅಂತ ಸಾಲಾಗಿ ಬರೆದರೆ ಎಲ್ಲ ಕೈಮಗ್ಗದ ಚೀಟಿಯೂ ಒಂದೇ ಥರ ಆಗುತ್ತದೆ. ಈ ವಸ್ತುವಿನಲ್ಲಿ ಬೇರೆಯಾಗಿ ನಡೆದದ್ದು ಯಾವುದೋ ಆ ಒಂದು ಹಂತ ಹಿಡಿಯಿರಿ. ನಮ್ಮ ಸೀರೆಯಲ್ಲಿ ಅದು ಚೊಗರು.

ಅದರ ಚೀಟಿ ನಾನು ಬರೆದರೆ ಹೀಗಿರುತ್ತದೆ:

> ಅಡಿಕೆ ಚೊಗರಿನ ಹತ್ತಿ ಸೀರೆ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಕೆಂಪು ನೀರಿಗೆ ಚೊಗರು ಅನ್ನುತ್ತಾರೆ. ಕಳೆದ ಹಂಗಾಮಿನ ಚೊಗರನ್ನು ಸಾಗರದ ತೋಟಗಳಿಂದ ಕೊಂಡು, ಬೇಸಿಗೆಯಲ್ಲಿ ನೂಲಿಗೆ ಬಣ್ಣ ಹಾಕಿದ್ದೇವೆ. ಬಣ್ಣ ಹಿಡಿಯಲು ಪಟಕ ಬಳಸಿದ್ದೇವೆ. ಅಂಚಿನ ಕಪ್ಪು ಅದೇ ಚೊಗರಿಗೆ ಕಬ್ಬಿಣದ ನೀರು ಸೇರಿ ಬಂದದ್ದು. ನೂಲು ಗಿರಣಿಯದು, ನೇಯ್ಗೆ ಕೈಮಗ್ಗದ್ದು. ಒಂದು ಹಾಸಿನಲ್ಲಿ ಒಂಬತ್ತು ಸೀರೆ. ಬಣ್ಣಕ್ಕೆ ಮತ್ತು ಹಾಸು ಹೂಡಲು ಎಂಟು ದಿನ, ಆಮೇಲೆ ಒಂದೊಂದನ್ನು ನೇಯಲು ಎರಡು ದಿನ. ಎಂಟು ಜನ ಸೇರಿ ಮಾಡಿದ್ದು. ಮುಂದಿನ ಒಬ್ಬೆಯ ಬಣ್ಣ ಇದಕ್ಕಿಂತ ಸ್ವಲ್ಪ ಬೇರೆ ಇರಬಹುದು.

ಕೊನೆಯ ಸಾಲು ಸುಮ್ಮನೆ ಹಾಕಿದ್ದಲ್ಲ. ಚೊಗರು ಎಷ್ಟು ಮಂದವಾಗಿತ್ತು, ನೀರು ಬಾವಿಯದ್ದಾ ಬೋರಿನದ್ದಾ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಕಬ್ಬಿಣದ ಅಂಶ ಇರುವ ಬೋರಿನ ನೀರಲ್ಲಿ ಹಾಕಿದ ಬಣ್ಣ ಮಂಕಾಗುತ್ತದೆ. ಹಬ್ಬಕ್ಕೆ ಅಕ್ಕ-ತಂಗಿಯರು ಒಂದೇ ಬಣ್ಣ ಬೇಕು ಅಂತ ಎರಡು ಸೀರೆ ಆರ್ಡರ್ ಮಾಡುತ್ತಾರೆ. ಬೇರೆ ಬೇರೆ ಒಬ್ಬೆಯ ಸೀರೆ ಹೋದರೆ ಒಂದು ವಾಪಸ್ ಬರುತ್ತದೆ. ಅಂಥ ಆರ್ಡರಿಗೆ ಒಂದೇ ಹಾಸಿನಿಂದ ಇಳಿದ ಎರಡನ್ನು ಎತ್ತಿಟ್ಟುಕೊಡಿ.

ಒಗೆಯುವ ವಿಷಯವನ್ನು ಚೀಟಿಯ ಹಿಂಬದಿಯಲ್ಲಿ ಹಾಕಿ, ಆದರೆ ಹಾಕುವ ಮೊದಲು ನೀವೇ ಪರೀಕ್ಷೆ ಮಾಡಿ. ಅದೇ ಒಬ್ಬೆಯ ತುಂಡು ಬಟ್ಟೆ ಸಾಕು. ಬಿಳಿ ಬಟ್ಟೆ ಒದ್ದೆ ಮಾಡಿ ಅದರ ಮೇಲೆ ಉಜ್ಜಿ, ಬಣ್ಣ ಬಿಡುತ್ತದಾ ನೋಡಿ. ಇನ್ನೊಂದು ತುಂಡಿನ ಅರ್ಧಕ್ಕೆ ರಟ್ಟು ಮುಚ್ಚಿ ಎರಡು ವಾರ ಬಿಸಿಲಿಗೆ ಇಡಿ, ಮುಚ್ಚಿದ್ದಕ್ಕೂ ಮುಚ್ಚದ್ದಕ್ಕೂ ಎಷ್ಟು ವ್ಯತ್ಯಾಸ ಬಂತು ನೋಡಿ. ಮೂರನೆಯದಕ್ಕೆ ಸೋಡಾ ಕದಡಿದ ನೀರು ಹನಿಸಿ. ಎಲೆ ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದಲ್ಲ, ಸೋಡಾದಲ್ಲೂ ಸುಣ್ಣದ್ದೇ ಗುಣ ಇದೆ, ಚೊಗರಿನ ಬಟ್ಟೆಯ ಬಣ್ಣ ಅದು ತಾಗಿದ ಕಡೆ ತಿರುಗುತ್ತದೆ. ಕ್ಷಾರದ ಸೋಪಿನ ಪುಡಿ ಹಾಕಿ ನೆನೆಸಿಟ್ಟರೂ ಇದೇ ಕಥೆ. ‘ಬಣ್ಣ ಎಂದೂ ಮಾಸುವುದಿಲ್ಲ’ ಅಂತ ಬರೆಯಬೇಕು ಅನ್ನಿಸಿದರೆ ಈ ಮೂರು ತುಂಡುಗಳನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಆಗ ಕೈ ತಾನಾಗಿ ‘ಮೊದಲ ಒಗೆತದಲ್ಲಿ ಬೇರೆಯಾಗಿ ತೊಳೆಯಿರಿ, ಸೌಮ್ಯ ಸೋಪು ಬಳಸಿ, ನೆರಳಲ್ಲಿ ಒಣಗಿಸಿ’ ಅಂತ ಬರೆಯುತ್ತದೆ.

ಚೀಟಿ, ವಾಟ್ಸಾಪ್, ಮೇಳದ ಬೋರ್ಡು ಮೂರಕ್ಕೂ ಕಥೆ ಒಂದೇ ಇರಲಿ, ಉದ್ದ ಮಾತ್ರ ಬದಲಾಗಲಿ. ವಾಟ್ಸಾಪ್‌ಗೆ ಮೊದಲ ಮೂರು ವಾಕ್ಯ ಸಾಕು. ಜೊತೆಗೆ ಎರಡು ಫೋಟೊ: ಹಗಲಿನ ಬೆಳಕಿನಲ್ಲಿ ಸೀರೆ, ಕೋಲಿನ ಮೇಲೆ ನೇತಾಡುವ ಚೊಗರಿನ ಲಡಿ. ಬಣ್ಣ ಹೊಳೆಯಲಿ ಅಂತ ಫಿಲ್ಟರ್ ಹಾಕಿದರೆ ಚೀಟಿಯಲ್ಲಿ ನಿಜ ಬರೆದದ್ದು ಫೋಟೊದಲ್ಲಿ ಸುಳ್ಳಾಗುತ್ತದೆ. ಕಂದುಗೆಂಪು ಬಣ್ಣ ಫೋನಿನಲ್ಲಿ ಕಿತ್ತಳೆಯ ಕಡೆ ಎಳೆಯುವುದು ಜಾಸ್ತಿ, ಫೋಟೊವನ್ನು ಒಮ್ಮೆ ಸೀರೆ ಪಕ್ಕದಲ್ಲಿಟ್ಟು ಹೋಲಿಸಿ ಕಳಿಸಿ. ಮೇಳದಲ್ಲಿ ಬೋರ್ಡಿಗಿಂತ ಕೆಲಸ ಮಾಡುವುದು ಒಂದು ಗಾಜಿನ ಬಾಟಲಿ ಚೊಗರು ಮತ್ತು ಮೂರು ಲಡಿ: ಬಣ್ಣ ಹಾಕದ್ದು, ಚೊಗರಿನದು, ಕಬ್ಬಿಣದ ನೀರು ಕಂಡದ್ದು.

ಬರೆದದ್ದನ್ನು ಅಚ್ಚಿಗೆ ಕೊಡುವ ಮುನ್ನ ಘಟಕಕ್ಕೆ ಒಯ್ದು ಗಟ್ಟಿಯಾಗಿ ಓದಿ. ಬಣ್ಣದ ಮನೆಯವರು, ಹಾಸಿನವರು, ನೇಯ್ದವರು ಎಲ್ಲರೂ ಇರುವ ಹೊತ್ತಿನಲ್ಲಿ, ಊಟದ ಬಿಡುವಿನಲ್ಲಿ ಓದಿದರೆ ಒಳ್ಳೆಯದು. ‘ಐದು ದಿನ ಅಲ್ಲ, ಈ ಸಲ ಬಿಸಿಲು ಚೆನ್ನಾಗಿತ್ತು, ನಾಲ್ಕೇ ದಿನಕ್ಕೆ ಮುಗೀತು’ ಅಂತ ಯಾರಾದರೂ ಹೇಳುತ್ತಾರೆ. ಚೀಟಿಯ ಎಂಟು ದಿನವನ್ನು ಏಳು ಮಾಡಿ. ದೀಪಾವಳಿಗೆ ಇದೇ ಚೀಟಿಯನ್ನು ಮತ್ತೆ ಅಚ್ಚು ಹಾಕಿಸುವ ಮುನ್ನ ಕೇಳಬೇಕಾದದ್ದೂ ಇಷ್ಟೇ: ನೂಲು ಅದೇನಾ, ಚೊಗರು ಹೊಸದಾ, ಅಂಚಿನ ಕಪ್ಪು ಈ ಸಲವೂ ಕಬ್ಬಿಣದ್ದೇನಾ?